ತಾಮ್ರದ ಪುಟದ ಖಾಲಿ ಚೌಕ

ಹೊಲಿಗೆಯಾಕೆಯ ಗಂಡ ತೀರಿಕೊಂಡು ಎರಡು ವರ್ಷ ತುಂಬುತ್ತಾ ಬಂದಿತ್ತು. ಅಂಗಿಗಳನ್ನೆಲ್ಲ ಹಂಚಿಯಾಗಿತ್ತು, ಕೈಗಡಿಯಾರ ಆತನ ತಮ್ಮನ ಪಾಲಾಗಿತ್ತು. ಚಪ್ಪಲಿ ಮಾತ್ರ ಬಾಗಿಲ ಹಿಂದೆ, ಆತ ಬಿಟ್ಟ ಹಾಗೇ, ಒಂದು ನೆಟ್ಟಗೆ ಒಂದು ಓರೆಯಾಗಿ ಕೂತಿತ್ತು. ಯಾರಾದರೂ ಅದರ ಸುದ್ದಿ ಎತ್ತಿದರೆ, "ಗುಡಿಸುವಾಗ ಎತ್ತುತೀನಿ, ಗುಡಿಸಿದ ಮೇಲೆ ಇಡ್ತೀನಿ, ನಿಮ್ಮ ಕಾಲಿಗೇನಾದ್ರೂ ಅಡ್ಡ ಬಂತಾ?" ಅಂತ ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಇನ್ನೊಂದು ವಸ್ತು ಅಲಮಾರಿಯಲ್ಲಿತ್ತು. ಉದ್ದನೆಯ ಪುಸ್ತಕ, ನೀಲಿ ರಟ್ಟು. ಅದರ ಕೊನೆಯ ಬರಹದ ಕೆಳಗೆ ಒಂದು ಚೌಕ ಖಾಲಿ ಇತ್ತು. ಆ ಚೌಕದ ಯೋಚನೆ ಬಂದರೆ ಅವಳಿಗೆ ಸೂಜಿಗೆ ದಾರ ಪೋಣಿಸಲಿಕ್ಕೂ ಆಗುತ್ತಿರಲಿಲ್ಲ.

ಆತನದು ವಾಯಿದೆ ವ್ಯಾಪಾರ. ತಾಮ್ರ, ಸತು, ಹತ್ತಿ, ಎಣ್ಣೆ, ಇವನ್ನು ಕೈಯಲ್ಲಿ ಮುಟ್ಟದೆ, ಕಣ್ಣಲ್ಲಿ ನೋಡದೆ, ಮುಂದಿನ ತಿಂಗಳ ಬೆಲೆಗೆ ಕೊಳ್ಳುವುದು, ಮಾರುವುದು. ದಲ್ಲಾಳಿ ಕಚೇರಿಯೊಂದರ ಮೇಲಂತಸ್ತಿನಲ್ಲಿ ನಾಲ್ಕು ಮೇಜು, ಅದರಲ್ಲೊಂದು ಆತನದು. ಮದುವೆಯಾದ ಹೊಸದರಲ್ಲಿ ಇವಳು ಕೇಳಿದ್ದಳು, "ಅಲ್ಲಾ ರೀ, ಇಷ್ಟೊಂದು ತಾಮ್ರ ಕೊಂಡೆ ಅಂತೀರಿ, ಮನೆಗೆ ಒಂದು ಚೊಂಬಾದ್ರೂ ತರಬಾರದಾ?" ಆತ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಿದ್ದ. ಮಾರನೆಯ ದಿನ ನಿಜವಾಗಿಯೂ ಒಂದು ತಾಮ್ರದ ಚೊಂಬು ತಂದ. "ತಗೋ, ಇದು ವಾಯಿದೆ ಅಲ್ಲ, ನಗದು."

ಇವಳು ಓದಿದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿ ಓದುತ್ತಾಳೆ, ಬರೆಯುವಾಗ ನಾಲಿಗೆ ತುದಿ ಹೊರಗೆ ಬರುತ್ತದೆ. ಆದರೂ ಆತನ ಪುಸ್ತಕದಲ್ಲಿ ಅವಳಿಗೊಂದು ಕೆಲಸವಿತ್ತು. ಅದು ಬೇರೆ ಯಾರಿಂದಲೂ ಆಗದ ಕೆಲಸ ಅಂತ ಆತನೇ ಹೇಳುತ್ತಿದ್ದ.

ಶನಿವಾರ ಮಧ್ಯಾಹ್ನ, ಊಟದ ತಟ್ಟೆ ತೊಳೆದಾದ ಮೇಲೆ, ಅವಳ ಕತ್ತರಿಸುವ ಮೇಜಿನ ಮೇಲೆ ಆತ ಪುಸ್ತಕ ಬಿಚ್ಚುತ್ತಿದ್ದ. ಒಂದು ವ್ಯಾಪಾರಕ್ಕೆ ಒಂದು ಪುಟ. ಕೊಳ್ಳುವ ಮೊದಲೇ ಬರೆದದ್ದು ಮೇಲೆ, ಕೊಟ್ಟ ಆದೇಶ ನಡುವೆ, ಏನಾಯಿತು ಅನ್ನುವುದು ಕೆಳಗೆ. ಆ ಕೆಳಗಿನ ಸಾಲಿನ ಮೇಲೆ ಆತ ಒಂದು ಪಟ್ಟಿ ಇಟ್ಟು ಮುಚ್ಚುತ್ತಿದ್ದ. ಅಂಗಿಯ ಕಾಲರಿನೊಳಗೆ ಹಾಕುವ ಗಟ್ಟಿ ಬಟ್ಟೆಯಿಂದ ಅವಳೇ ಕತ್ತರಿಸಿ ಕೊಟ್ಟ ಪಟ್ಟಿ.

"ಈಗ ಓದು. ಗೆದ್ದೆನೋ ಸೋತೆನೋ ನಿನಗೆ ಗೊತ್ತಿಲ್ಲ. ಮಾಡಿದ್ದು ಸರಿಯಾ ತಪ್ಪಾ, ಅಷ್ಟು ಹೇಳು."

"ನಿಮಗೆ ಗೊತ್ತಲ್ಲ, ನೀವೇ ಹೇಳಿ."

"ನನಗೆ ಗೊತ್ತಿರೋದೇ ರೋಗ ಕಣೇ. ದುಡ್ಡು ಬಂದಿದ್ರೆ ನಾನು ಮಾಡಿದ್ದೆಲ್ಲ ಬುದ್ಧಿವಂತಿಕೆ ಅನ್ಸುತ್ತೆ. ಹೋಗಿದ್ರೆ ನಾನು ಕತ್ತೆ ಅನ್ಸುತ್ತೆ. ಎರಡೂ ಸುಳ್ಳಿರಬಹುದು."

ಕೇಳಬೇಕಾದ ಪ್ರಶ್ನೆ ಐದು. ಕಾರಣವನ್ನು ಮೊದಲೇ ಬರೆದಿದ್ದನಾ? ಎಣಿಕೆ ತಪ್ಪಾದರೆ ಎಲ್ಲಿ ಒಪ್ಪಿಕೊಂಡು ಹೊರಗೆ ಬರುವುದು ಅಂತ ಜಾಗ ಗುರುತಿಸಿದ್ದನಾ? ಆ ಜಾಗದಲ್ಲಿ ಹೊರಬಿದ್ದರೆ ಬಂಡವಾಳದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಹೋಗದಷ್ಟೇ ಕೊಂಡನಾ? ಸಿಗಬಹುದಾದದ್ದು, ಹೋಗಬಹುದಾದದ್ದರ ಎರಡು ಪಟ್ಟಾದರೂ ಇತ್ತಾ? ಕೊನೆಯದು, ಬರೆದ ಹಾಗೇ ನಡೆದುಕೊಂಡನಾ, ಇಲ್ಲಾ ನಡುವೆ ಗೆರೆ ಕದಲಿಸಿದನಾ? ಅವತ್ತು ಆತನಿಗೆ ಏನು ಗೊತ್ತಿತ್ತೋ ಅಷ್ಟನ್ನೇ ನೋಡಬೇಕು. ಆಮೇಲೆ ಗೊತ್ತಾದದ್ದನ್ನು ತರುವ ಹಾಗಿಲ್ಲ. ಇವಳು ಬೆರಳಿಟ್ಟು ಓದಿ, ತುಟಿ ಕಚ್ಚಿ ಯೋಚಿಸಿ, "ಸರಿ" ಅಥವಾ "ತಪ್ಪು" ಅನ್ನುತ್ತಿದ್ದಳು. ಆಗ ಆತ ಪಟ್ಟಿಯ ಮೇಲೆ ಬೆರಳಿಟ್ಟು ಕೇಳುತ್ತಿದ್ದ, "ತೆಗೀಲಾ?"

ಆ "ತೆಗೀಲಾ?" ಈಗಲೂ ಅವಳ ಕಿವಿಯಲ್ಲಿದೆ. ಮಗುವಿನ ಮುಂದೆ ಮುಷ್ಟಿ ಹಿಡಿದು, ಒಳಗೇನಿದೆ ಹೇಳು ಅನ್ನುವವರ ದನಿ ಅದು.

ಪುಟದ ಮೂಲೆಯಲ್ಲಿ ನಾಲ್ಕು ಮನೆಯ ಕೋಷ್ಟಕ. ಅಡ್ಡಕ್ಕೆ ಸರಿ, ತಪ್ಪು. ಉದ್ದಕ್ಕೆ ಲಾಭ, ನಷ್ಟ. ನಾಲ್ಕಕ್ಕೂ ಆತ ಹೆಸರಿಟ್ಟಿದ್ದ. ಸರಿಯಾಗಿ ಮಾಡಿ ಲಾಭ ಬಂದರೆ "ಸಂಬಳ". ಸರಿಯಾಗಿ ಮಾಡಿಯೂ ನಷ್ಟವಾದರೆ "ಬಾಡಿಗೆ". ಅಂಗಡಿ ಇಟ್ಟ ಮೇಲೆ ಬಾಡಿಗೆ ಕೊಡಲೇಬೇಕಲ್ಲ, ಅದಕ್ಕೆ ಅಳಬಾರದು. ತಪ್ಪು ಮಾಡಿ ನಷ್ಟವಾದರೆ "ದಂಡ". ತಪ್ಪು ಮಾಡಿಯೂ ಲಾಭ ಬಂತೋ, ಅದು "ಬಿಟ್ಟಿ". ಆತ ಹೆದರುತ್ತಿದ್ದದ್ದು ಅದಕ್ಕೊಂದಕ್ಕೇ. ಕೋಷ್ಟಕದ ಪಕ್ಕದಲ್ಲಿ ಒಂದು ಸಣ್ಣ ಚೌಕ. ನಾಲ್ಕರಲ್ಲಿ ಯಾವುದೋ ಅದರ ಹೆಸರನ್ನು ಅಲ್ಲಿ ಬರೆಯುತ್ತಿದ್ದ. "ಒಂದು ಪುಟ ನೋಡಿ ಏನೂ ಹೇಳಕ್ಕಾಗಲ್ಲ ಕಣೇ. ನೂರು ಪುಟ ಆದ್ಮೇಲೆ ಯಾವ ಹೆಸರು ಜಾಸ್ತಿ ಅಂತ ನೋಡ್ಬೇಕು. ಆಗ ಗೊತ್ತಾಗುತ್ತೆ ನಾನು ವ್ಯಾಪಾರಿಯೋ, ಜೂಜುಕೋರನೋ ಅಂತ."

ಒಂದು ಸಲ ಎಣ್ಣೆಯಲ್ಲಿ ಕಂಡು ಕೇಳರಿಯದ ಲಾಭ ಬಂತು. ಕಚೇರಿಯವರೆಲ್ಲ ಬೆನ್ನು ತಟ್ಟಿದರಂತೆ. ಇವಳು ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಆತ ಮುಖ ಗಂಟಿಕ್ಕಿಕೊಂಡು ಬಂದ. "ಎಲ್ಲಿಗೆ ಹೊರಟೆ? ಚಹಾದಂಗಡೀಲಿ ಯಾರೋ ಆಡಿದ ಮಾತು ಕೇಳಿ ಕೊಂಡೆ. ಹೊರಗೆ ಬರೋ ಜಾಗ ಬರೀಲಿಲ್ಲ. ಬಿದ್ದಾಗ ಇನ್ನೂ ಕೊಂಡೆ. ಇದು ನನ್ನ ದುಡಿಮೆ ಅಲ್ಲ." ಚೌಕದಲ್ಲಿ "ಬಿಟ್ಟಿ" ಅಂತ ಒತ್ತಿ ಒತ್ತಿ ಬರೆದ, ಕೆಳಗಿನ ಪುಟಕ್ಕೂ ಅಚ್ಚು ಬಿತ್ತು. ಅವತ್ತು ಇವಳು ಮಾತು ಬಿಟ್ಟಿದ್ದಳು. ಸೀರೆಯನ್ನು ಮಡಿಸಿ ಇಟ್ಟವಳು ಮೂರು ದಿನ "ಹೂಂ", "ಉಹೂಂ" ಅಷ್ಟೇ. ಆ ಮೂರು ದಿನ ವಾಪಸ್ಸು ಸಿಗುವುದಾದರೆ ಈಗ ಅವಳು ಏನು ಬೇಕಾದರೂ ಕೊಟ್ಟಾಳು.

ಕೊನೆಯ ಪುಟ ತಾಮ್ರದ್ದು. ಆ ಮಂಗಳವಾರ ಬೆಳಿಗ್ಗೆ ಆತ ಚಪ್ಪಲಿ ಮೆಟ್ಟುತ್ತಿದ್ದಾಗ ಇವಳೊಂದು ಮಾತಾಡಿದ್ದಳು. "ಈ ವರ್ಷವಾದ್ರೂ ಅಡುಗೆಮನೆಗೊಂದು ಕಿಟಕಿ ಇಡಿಸ್ತೀರಾ, ಇಲ್ಲಾ ನಾನು ಗೋಡೆ ನೋಡ್ಕೊಂಡೇ ಸಾಯ್ಬೇಕಾ?" ಜಗಳವೇನಲ್ಲ, ಮೂವತ್ತು ವರ್ಷದಿಂದ ಆಡುತ್ತಿದ್ದ ಮಾತೇ. ಆತ "ಆಯ್ತು ಮಹಾರಾಣಿ" ಅಂದು ಹೋದ. ಅವತ್ತೇ ತಾಮ್ರ ಕೊಂಡ. ಗುರುವಾರ ಬೆಲೆ ದಡಕ್ಕನೆ ಬಿತ್ತು. ಸಂಜೆ ಮನೆಗೆ ಬಂದು, ಚಹಾ ಕುಡಿದು, "ಇವತ್ತು ಬಿತ್ತು ಕಣೇ. ಶನಿವಾರ ಪಟ್ಟಿ ಇಟ್ಟು ನೋಡೋಣ" ಅಂದ. ಶುಕ್ರವಾರ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಹೃದಯ ಮೊದಲಿನಿಂದಲೂ ಸೋತಿತ್ತು ಅಂದರು ವೈದ್ಯರು. ಜನ ವೈದ್ಯರ ಮಾತು ಕೇಳುತ್ತಾರೆಯೇ? "ಜೂಜಾಡಿ ಸತ್ತ," ಅಂದ ಮೈದುನ, ಅಣ್ಣನ ಗಡಿಯಾರ ಕೈಗೆ ಕಟ್ಟಿಕೊಂಡೇ.

ಅದು ಅವಳಿಗೆ ಅಷ್ಟು ನಾಟಲಿಲ್ಲ. ನಾಟಿದ್ದು ಬೇರೆ. ನನ್ನ ಕಿಟಕಿಗೋಸ್ಕರ ಗಡಿಬಿಡಿಯಲ್ಲಿ ಕೊಂಡರಾ? ನಿಯಮ ಮುರಿದರಾ? ಆ ಚೌಕದಲ್ಲಿ "ದಂಡ" ಅಂತ ಬರೆಯಬೇಕಾದ್ದೇ ಆದರೆ, ಆ ದಂಡ ನನ್ನ ಬಾಯಿಯದು.

ಪುಟ ತೆಗೆದು ತಾನೇ ನೋಡಬಹುದಿತ್ತು. ನೋಡಿದಳು ಕೂಡ, ಹತ್ತಾರು ಸಲ. ಒಮ್ಮೆ ಎಲ್ಲ ಸರಿ ಕಾಣುತ್ತಿತ್ತು, ಇನ್ನೊಮ್ಮೆ ಸಾಲುಸಾಲೂ ತಪ್ಪು ಕಾಣುತ್ತಿತ್ತು. ಅವಳಿಗೆ ಫಲ ಗೊತ್ತಿತ್ತಲ್ಲ. ಪಟ್ಟಿ ಇಟ್ಟು ಮುಚ್ಚಿದರೂ ಅದರಡಿ ಏನಿದೆ ಅನ್ನುವುದು ಎದೆಯಲ್ಲೇ ಬರೆದಿತ್ತು.

ಹಾಗಾಗಿ ಒಂದು ಶನಿವಾರ ಪುಸ್ತಕವನ್ನು ಹೊಲಿಗೆ ಚೀಲದಲ್ಲಿಟ್ಟುಕೊಂಡು ದಲ್ಲಾಳಿ ಕಚೇರಿಯ ಮೆಟ್ಟಿಲು ಹತ್ತಿದಳು. ಆತನ ಪಕ್ಕದ ಮೇಜಿನವರು, ಇಪ್ಪತ್ತೆರಡು ವರ್ಷದ ಒಡನಾಡಿ. ಎಲ್ಲರಿಗಿಂತ ಒಂದು ಗೇಣು ಎತ್ತರ ಅಂತ ಅವರನ್ನು ಉದ್ದಣ್ಣ ಅನ್ನುತ್ತಿದ್ದರು. ಅವರು ಎದ್ದು ನಿಂತು ಕುರ್ಚಿ ಒರೆಸಿದರು.

"ಬನ್ನಿ ಅತ್ತಿಗೆ. ಇಷ್ಟು ಮೆಟ್ಟಿಲು ಹತ್ತಿ ಬರೋದಾ? ಹೇಳಿ ಕಳಿಸಿದ್ರೆ ನಾನೇ ಬರ್ತಿರಲಿಲ್ವಾ?"

"ಈ ತಾಮ್ರದ ಪುಟ ನೋಡಿ ಉದ್ದಣ್ಣ. ಸರಿಯಾ ತಪ್ಪಾ ಹೇಳಿ."

ಉದ್ದಣ್ಣ ಪುಸ್ತಕ ಮುಟ್ಟಲೇ ಇಲ್ಲ. "ಸರಿ ಅತ್ತಿಗೆ. ನೂರಕ್ಕೆ ನೂರು ಸರಿ. ಬಾಡಿಗೆ ಅಂತ ಬರ್ಕೊಳ್ಳಿ."

"ಪುಟಾನೇ ತೆಗೀಲಿಲ್ಲ ನೀವು."

"ತೆಗೆಯೋದೇನು? ಅವನು ತಪ್ಪು ಮಾಡೋನಾ?"

"ಎಣ್ಣೇಲಿ ಮಾಡಿರಲಿಲ್ವಾ? ಅವತ್ತು ನೀವೇ ತಾನೆ ಬೆನ್ನು ತಟ್ಟಿದ್ದು?" ಅವಳ ದನಿ ಸ್ವಲ್ಪ ಏರಿತು. "ಮೈದುನ ಹೆಣ ನೋಡಿ ತಪ್ಪು ಅಂದ. ನೀವು ಹೆಣ ನೋಡಿ ಸರಿ ಅಂತೀರಿ. ಪಟ್ಟಿ ಎತ್ತಿ ಹೇಳೋರೇ ಇಬ್ಬರೂ. ನನ್ನ ಗಂಡನಿಗೆ ಇಂಥ ಸರಿ ಬೇಕಿರಲಿಲ್ಲ."

ಉದ್ದಣ್ಣ ಅಷ್ಟೆತ್ತರದ ಮನುಷ್ಯ ಕುರ್ಚಿಯಲ್ಲಿ ಕುಗ್ಗಿದರು. ಕಣ್ಣೊರೆಸಿಕೊಂಡು, "ನನ್ನ ಕೈಲಾಗಲ್ಲ ಅತ್ತಿಗೆ. ನಿಜ. ಅವನ ಅಕ್ಷರ ನೋಡಿದ್ರೇ ನನಗೆ..." ಅಂದವರು, ಆತನ ಹಳೆಯ ಮೇಜಿನ ಕಡೆ ಕಣ್ಣು ಹೊರಳಿಸಿದರು. "ಅಲ್ಲಿಗೆ ಹೋದ ವರ್ಷ ಒಬ್ಬಳು ಹುಡುಗಿ ಬಂದಿದ್ದಾಳೆ. ಅವನನ್ನ ಕಂಡವಳಲ್ಲ. ಬಾಯಿ ಸ್ವಲ್ಪ ಜೋರು, ಆದ್ರೆ ಕೆಲಸ ನೀಟು. ಮುಂದಿನ ಶನಿವಾರ ಬರ್ತಾಳೆ."

ದಾರಿಯುದ್ದಕ್ಕೂ ಅವಳ ತಲೆ ಓಡುತ್ತಲೇ ಇತ್ತು. ಹುಡುಗಿಗೆ ಪುಸ್ತಕ ಹಾಗೇ ಕೊಟ್ಟರೆ ಯಾರದ್ದು ಅಂತ ಗೊತ್ತಾಗುತ್ತದೆ. ಗಂಡ ಸತ್ತ ಹೆಂಗಸಿಗೆ ಯಾರು ತಾನೇ ತಪ್ಪು ಅಂತ ಹೇಳುತ್ತಾರೆ? ಒಂದೇ ಪುಟ ಕೊಟ್ಟರೆ, ಇದರಲ್ಲೇನೋ ಇದೆ ಅಂತ ಮೂಗಿಗೆ ಬಡಿಯುತ್ತದೆ. ಅಲ್ಲದೆ ಹುಡುಗಿಯ ಕಣ್ಣು ಎಷ್ಟು ಚೂಪು ಅಂತ ಗೊತ್ತಾಗುವುದು ಹೇಗೆ?

ಅವಳು ಕಂಡುಕೊಂಡ ದಾರಿ ಇದು. ಐದು ಪುಟ ಆರಿಸಿದಳು. ನಾಲ್ಕು, ಗಂಡನೇ ತೀರ್ಪು ಬರೆದು ಮುಗಿಸಿದ್ದವು, ಉಳಿದ ಒಂದು ತಾಮ್ರ, ಅದನ್ನು ನಡುವೆ ಸೇರಿಸಿದಳು. ಹುಡುಗಿಯ ಮಾತು ಆ ನಾಲ್ಕರಲ್ಲಿ ಗಂಡನ ಮಾತಿಗೆ ಹೊಂದಿದರೆ ತಾಮ್ರದ್ದನ್ನೂ ನಂಬಬಹುದು. ತಾರೀಕಿಲ್ಲ, ಹೆಸರಿಲ್ಲ, ಬೆಲೆಯಿಲ್ಲ, ಏನಾಯಿತು ಅನ್ನುವುದಂತೂ ಇಲ್ಲವೇ ಇಲ್ಲ. ತಾಮ್ರದ ಬದಲು "ಒಂದು ಲೋಹ" ಅಂತ ಹಾಕಿದಳು.

ಬರೆಯಲಿಕ್ಕೆ ನಾಲ್ಕು ದಿನ ಹಿಡಿಯಿತು. ಗಿರಾಕಿಗಳ ರವಿಕೆಗಳು ಕತ್ತರಿಸಿದಂತೆಯೇ ಬಿದ್ದಿದ್ದವು. ಆತನ ಅಕ್ಷರ ಮುಂದಕ್ಕೆ ವಾಲಿದ ಅಕ್ಷರ, ಗಾಳಿಗೆ ಬೆನ್ನು ಕೊಟ್ಟು ನಡೆಯುವವರ ಹಾಗೆ. ಪ್ರತಿ ಸಾಲು ಬರೆಯುವಾಗಲೂ ಆತ ಪಕ್ಕದಲ್ಲಿ ಕೂತು ಹೇಳಿ ಬರೆಸಿದಂತೆ. "ಮೂರು ವಾರದಿಂದ ಬೆಲೆ ಒಂದು ಗೂಡಿನೊಳಗೇ ಓಡಾಡುತ್ತಿದೆ. ಇವತ್ತು ಗೂಡಿನ ಮೇಲಂಚು ದಾಟಿತು, ಕೊಳ್ಳುವವರು ಎಂದಿಗಿಂತ ಇಮ್ಮಡಿ." ಈ ಮನುಷ್ಯ ನನ್ನ ಜೊತೆ ಇಷ್ಟು ಬಿಡಿಸಿ ಯಾವತ್ತಾದರೂ ಮಾತಾಡಿದ್ದರಾ ಅಂತ ಒಂದು ಗಳಿಗೆ ಹೊಟ್ಟೆಕಿಚ್ಚೂ ಬಂತು. ಆಮೇಲೆ ಹೊಳೆಯಿತು, ಇದನ್ನೆಲ್ಲ ಇಷ್ಟು ಬಿಡಿಸಿ ಬರೆದದ್ದು ಶನಿವಾರ ನಾನು ಓದಲಿ ಅಂತಲೇ. ಪೆನ್ನು ಕೆಳಗಿಟ್ಟು ಸುಮ್ಮನೆ ಗೋಡೆ ನೋಡುತ್ತಾ ಕೂತಳು, ಕಿಟಕಿಯಿಲ್ಲದ ಗೋಡೆ.

ಶನಿವಾರ ಪೇಟೆಗೆ ರಜೆ. ಕಚೇರಿಯ ಪರದೆಗಳೆಲ್ಲ ಕಪ್ಪಗೆ ಮಲಗಿದ್ದವು, ನೆಲಕ್ಕೆ ಊರಿದ ಫ್ಯಾನು ಮಾತ್ರ ತಲೆ ಅಲ್ಲಾಡಿಸುತ್ತಿತ್ತು. ಹುಡುಗಿ ಆತನ ಕುರ್ಚಿಯಲ್ಲೇ ಕಾಲು ಮಡಚಿ ಕೂತಿದ್ದಳು. ಉದ್ದಣ್ಣ ಅವಳಿಗೆ ಹೇಳಿದ್ದು ಇಷ್ಟೇ: ನಿಯಮ ಈ ಐದು, ಪುಟ ಐದು, ಸರಿಯೋ ತಪ್ಪೋ ಹೇಳು. ಆಮೇಲೆ ಅವರು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು, ಮುಖ ನೋಡಿ ಗುಟ್ಟು ತಿಳಿಯಬಾರದಲ್ಲ.

"ಯಾರ ಬರವಣಿಗೆ ಅಜ್ಜಿ ಇದು? ಇರುವೆ ಮಸಿಗೆ ಬಿದ್ದು ನಡೆದ ಹಾಗಿದೆ."

"ನಂದೇ. ನೀನು ಅಕ್ಷರಕ್ಕೆ ಮಾರ್ಕ್ಸು ಕೊಡ್ಬೇಡ, ವಿಷಯಕ್ಕೆ ಕೊಡು."

ಹುಡುಗಿ ನಕ್ಕು ಓದತೊಡಗಿದಳು. ಮೊದಲನೆಯದು ಹತ್ತಿ. ಸರಿ. ಎರಡನೆಯದು ಎಣ್ಣೆ, ನಾಲ್ಕು ಸಾಲು ಓದುವಷ್ಟರಲ್ಲೇ ಹುಬ್ಬು ಗಂಟಾಯಿತು. "ಅಯ್ಯೋ, ಇದೇನಿದು! ಕಾರಣ ಇಲ್ಲ, ಹೊರಗೆ ಬರೋ ಜಾಗ ಇಲ್ಲ, ಬೀಳ್ತಾ ಇದ್ರೆ ಇನ್ನೂ ಕೊಂಡಿದ್ದಾರೆ. ಇದ್ರಲ್ಲಿ ದುಡ್ಡು ಬಂದಿದ್ರೂ ತಪ್ಪೇ."

ಹೊಲಿಗೆಯಾಕೆ ತುಟಿ ಕಚ್ಚಿಕೊಂಡಳು. ಆ ಹೊಸ ಸೀರೆಯ ಸಂಜೆ ಕಣ್ಣ ಮುಂದೆ ಬಂತು. ಆತ ಆಡಿದ್ದೂ ಇದೇ ಮಾತು.

ಮೂರನೆಯದು "ಒಂದು ಲೋಹ". ಹುಡುಗಿ ನಿಧಾನವಾದಳು. ಪೆನ್ಸಿಲಿನ ಹಿಂಬದಿಯಿಂದ ಸಾಲು ಸಾಲು ತಟ್ಟುತ್ತಾ ಹೋದಳು. "ಕಾರಣ ಇದೆ. ಗೂಡಿನ ನಡುಗೆರೆಗಿಂತ ಕೆಳಗೆ ಹೋದ್ರೆ ಹೊರಗೆ, ಜಾಗ ಇದೆ. ಸಿಗೋದು ಎರಡೂವರೆ ಪಟ್ಟು. ಆದೇಶ ಹಾಕಿದ್ದಾರೆ, ಕದಲಿಸಿಲ್ಲ." ನಿಂತಳು. "ಅಜ್ಜಿ, ಗಣಿ ಮುಷ್ಕರದಿಂದ ಮಾಲು ಕಮ್ಮಿ ಅಂತ ಬರೆದಿದೆ. ಮುಷ್ಕರ ಮುಗಿದ್ರೆ ಬೆಲೆ ಬೀಳುತ್ತೆ. ಮಾತುಕತೆ ಯಾವತ್ತು ಅಂತ ಅವರಿಗೆ ಆಗ ಗೊತ್ತಿತ್ತಾ?"

ನಡೆದದ್ದು ಹೊಲಿಗೆಯಾಕೆಗೆ ಗೊತ್ತಿತ್ತು. ಬುಧವಾರ ಗಣಿಯಲ್ಲಿ ಯಾರಿಗೂ ತಿಳಿಸದೆ ರಾಜಿಯಾಗಿ, ಗುರುವಾರ ಪೇಟೆ ತೆರೆಯುವಾಗಲೇ ಬೆಲೆ ಆತ ಗುರುತಿಸಿದ ಜಾಗವನ್ನು ಹಾರಿ ಕೆಳಗೆ ಬಿದ್ದಿತ್ತು. ಹೊರಗೆ ಬರುವ ಆದೇಶ ಅಲ್ಲಿ ಈಡೇರಲಿಕ್ಕೆ ಬೆಲೆಯೇ ಇರಲಿಲ್ಲ. ನೂರಕ್ಕೆ ಒಂದು ಅಂದದ್ದು ನಾಲ್ಕಾಯಿತು. ಅದೆಲ್ಲ ನಾಲಿಗೆ ತುದಿಗೆ ಬಂತು. ಆದರೆ ಅದು ಪಟ್ಟಿಯ ಕೆಳಗಿನದು. ನುಂಗಿಕೊಂಡಳು.

"ಹಿಂದೆ ತಿರುಗಿಸು. ಇನ್ನೊಂದು ಸಾಲಿದೆ."

ಹುಡುಗಿ ಹಾಳೆ ತಿರುಗಿಸಿ ಓದಿದಳು. "ಮಾತುಕತೆ ಸೋಮವಾರ. ಶುಕ್ರವಾರ ಪೇಟೆ ಮುಚ್ಚುವುದರೊಳಗೆ ಅರ್ಧ ಮಾರಿ ಇಳಿಸಬೇಕು." ತಲೆ ಆಡಿಸಿದಳು. "ಹಾಗಾದ್ರೆ ಯೋಚನೆ ಮಾಡಿದ್ದಾರೆ. ಒಂದು ಕೊರತೆ ಇದೆ. ಬೆಲೆ ಜಾಗ ಹಾರಿ ತೆರೆದ್ರೆ ಎಷ್ಟು ಹೋಗುತ್ತೆ ಅಂತ ಬರೆದಿಲ್ಲ. ಮುಷ್ಕರದ ಮೇಲೆ ನಿಂತ ಬೆಲೆ, ನಾನಾಗಿದ್ರೆ ಸ್ವಲ್ಪ ಕಮ್ಮಿ ಕೊಳ್ತಿದ್ದೆ."

"ಅಂದ್ರೆ ತಪ್ಪಾ?" ಕೇಳಬಾರದ ಕಡೆ ಕೇಳಿಬಿಟ್ಟಳು. ಕಿಟಕಿಯ ಹತ್ತಿರ ಉದ್ದಣ್ಣನ ಬೆನ್ನು ಅಲುಗಿತು.

"ಇಲ್ಲ ಅಜ್ಜಿ. ಆ ನಿಯಮ ಈ ಐದರಲ್ಲೇ ಇಲ್ಲ. ನಿಯಮ ತಿದ್ಕೋಬೇಕು, ಅಷ್ಟೆ. ಇದ್ದ ನಿಯಮಕ್ಕೆ ತಕ್ಕ ಹಾಗೆ, ಗೊತ್ತಿದ್ದಷ್ಟರಲ್ಲಿ, ಸರಿ." ಹುಡುಗಿ ಮುಂದಿನ ಹಾಳೆ ಎಳೆದುಕೊಳ್ಳುತ್ತಾ, ತನ್ನಷ್ಟಕ್ಕೆ ಅನ್ನುವಂತೆ ಸೇರಿಸಿದಳು, "ಕೊಂಡಿದ್ದೂ ಉಳಿದವುಗಳ ಅಳತೇನೇ. ನೂರಕ್ಕೆ ಒಂದು, ಒಂದು ಗುಲಗಂಜಿ ಹೆಚ್ಚಿಲ್ಲ. ಏನಾದ್ರೂ ಬೇಕು ಅಂತ ಆತುರ ಬಿದ್ದೋರು ಮೊದಲು ಹೆಚ್ಚು ಮಾಡೋದೇ ಅಳತೆ. ಇವರಿಗೇನೂ ಆತುರ ಇರಲಿಲ್ಲ."

ನಾಲ್ಕನೆಯದು ಸತು. ಸರಿ. ಐದನೆಯದು ಇನ್ನೊಂದು ಹತ್ತಿ. "ತಪ್ಪು. ಸಿಗೋದು ಒಂದೂವರೆ ಪಟ್ಟು ಕೂಡ ಇಲ್ಲ."

ಹೊಲಿಗೆಯಾಕೆ ಫಕ್ಕನೆ ನಕ್ಕಳು. ಆ ಒಂದರಲ್ಲಿ ಮಾತ್ರ ಹುಡುಗಿಯ ಮಾತು ಗಂಡನ ಮಾತಿಗೆ ಹೊಂದಲಿಲ್ಲ, ಆತನ ತೀರ್ಪು "ಸರಿ" ಅಂತಿತ್ತು. ಅವಳು ಅವತ್ತು ತಪ್ಪು ಅಂದಿದ್ದಳು, ಆತ ವಾದ ಮಾಡಿ ಗೆದ್ದಿದ್ದ. "ಉದ್ದಣ್ಣ, ಕೇಳಿದ್ರಾ? ಹತ್ತೀಲಿ ನಾನೇ ಸರಿ! ಹೇಳೋಣ ಅಂದ್ರೆ ಆ ಮನುಷ್ಯ ಇಲ್ಲ." ನಗು ನಡುವೆಯೇ ಮುರಿಯಿತು.

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. ಕೂತಿದ್ದ ಕುರ್ಚಿಯನ್ನು ನೋಡಿದಳು. ಮಡಚಿದ ಕಾಲು ಮೆಲ್ಲಗೆ ಕೆಳಗಿಳಿಸಿ ಎದ್ದು ನಿಂತಳು. "ಅಜ್ಜಿ... ನಂಗೆ ಗೊತ್ತಿರಲಿಲ್ಲ."

"ಗೊತ್ತಿರಬಾರದು ಅಂತಲೇ ನಿನ್ನ ಹತ್ರ ಬಂದಿದ್ದು ಕಂದಾ. ಕೂತ್ಕೋ, ಕೂತ್ಕೋ. ಅವರೂ ಹಾಗೇ ಕಾಲು ಮಡಚೇ ಕೂರ್ತಿದ್ರು."

ಮನೆಗೆ ಬರುವ ದಾರಿಯಲ್ಲಿ ಹಗುರಾಗಬೇಕಿತ್ತು. ಆಯಿತು ಕೂಡ. ಅವಳ ಬಾಯಿ ಆತನನ್ನು ದೂಡಿರಲಿಲ್ಲ. ಆತ ತಾಮ್ರ ಕೊಂಡದ್ದು ತಾಮ್ರದ ಕಾರಣಕ್ಕೆ. ಆ ಪುಟದಲ್ಲಿ ಕಿಟಕಿ ಎಲ್ಲಿಯೂ ಇರಲಿಲ್ಲ. ಎರಡು ವರ್ಷ ಹೊತ್ತ ಕಲ್ಲು ಇಳಿದ ಜಾಗದಲ್ಲಿ ಈಗ ಬೇರೇನೋ ಖಾಲಿ ಖಾಲಿ. ತಪ್ಪಾದರೂ ಆಗಿರಲಿ, ಕೊನೆಯ ಪುಟದಲ್ಲಿ ತಾನೂ ಇದ್ದೇನೆ ಅಂತ ಇಷ್ಟು ದಿನ ಅಂದುಕೊಂಡಿದ್ದಳಲ್ಲ. "ಒಂದೇ ಒಂದು ಸಲ," ಅಂತ ದಾರಿಯಲ್ಲೇ ಗೊಣಗಿದಳು, "ಒಂದೇ ಒಂದು ಸಲ ನನಗೋಸ್ಕರ ಆತುರ ಬೀಳಬಾರದಿತ್ತಾ?" ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಹಾಗೆ ಆತುರ ಬೀಳುವ ಮನುಷ್ಯನಾಗಿದ್ದರೆ ಶನಿವಾರದ ಮಧ್ಯಾಹ್ನಗಳೇ ಇರುತ್ತಿರಲಿಲ್ಲ.

ಮೈದುನನಿಗೆ ಹೇಳಿ ಕಳಿಸಬೇಕು ಅಂತ ಅನ್ನಿಸಲೇ ಇಲ್ಲ.

ಊಟದ ತಟ್ಟೆ ತೊಳೆದಳು. ಕತ್ತರಿಸುವ ಮೇಜಿನ ಮೇಲಿದ್ದ ರವಿಕೆ ತುಂಡುಗಳನ್ನು ಪಕ್ಕಕ್ಕೆ ಸರಿಸಿ ಪುಸ್ತಕ ಬಿಚ್ಚಿದಳು. ಕೊನೆಯ ಸಾಲಿನ ಮೇಲೆ ಪಟ್ಟಿ ಇಟ್ಟಳು. ಆತನ ಬೆರಳಿನ ಎಣ್ಣೆ ಹಿಡಿದು ಅದರ ಒಂದು ತುದಿ ಕಂದಿತ್ತು. ನಾಲಿಗೆ ತುದಿ ಹೊರಗೆ ಹಾಕಿ, ಖಾಲಿ ಚೌಕದೊಳಗೆ ಹಿಡಿಸುವ ಹಾಗೆ ಸಣ್ಣದಾಗಿ "ಬಾಡಿಗೆ" ಅಂತ ಬರೆದಳು. "ಡಿ" ಸ್ವಲ್ಪ ಸೊಟ್ಟಗಾಯಿತು. ಅದರ ಕೆಳಗೆ, ಬೆಲೆ ಹಾರಿದರೆ ಎಷ್ಟು ಹೋಗುತ್ತದೆ ಅಂತಲೂ ಮೊದಲೇ ಬರೆಯಬೇಕು ಅಂತ, ಇನ್ನು ಯಾರೂ ಪಾಲಿಸಲಿಕ್ಕಿಲ್ಲದ ಆರನೆಯ ನಿಯಮವನ್ನೂ ಬರೆದಳು.

ಆಮೇಲೆ ಪಟ್ಟಿಯ ಕಂದಿದ ತುದಿಯ ಮೇಲೆ ಬೆರಳಿಟ್ಟಳು. ಎದುರಿನ ಕುರ್ಚಿ ನೋಡಿ, "ತೆಗೀಲಾ?" ಅಂದಳು.